ನಾಲ್ಕು ಸಾಲಿನ ಬ್ರೀಫ್ ಮತ್ತು ಅಳಿವೆ ಬಾಗಿಲು: ಒಂದು ಅನುವಾದದ ಪ್ರಕರಣ

ಇದು ನಾನೇ ಮಾಡಿದ ಒಂದು ಕೆಲಸದ ಕಥೆ. ಕ್ಲೈಂಟ್ ಯಾರು ಅಂತ ಹೇಳುವುದಿಲ್ಲ, ಗೊತ್ತಾಗುವಂಥ ಒಂದೆರಡು ವಿವರ ಬದಲಾಯಿಸಿದ್ದೇನೆ, ಆದ್ರೆ ಕೆಲಸ ಎಲ್ಲಿ ಕೆಟ್ಟಿತು ಎಲ್ಲಿ ಸರಿಯಾಯ್ತು ಅನ್ನುವುದು ಇದ್ದ ಹಾಗೇ ಉಂಟು. ಅನುವಾದ ಮಾಡುವವರಿಗೂ ಮಾಡಿಸುವವರಿಗೂ ಇದು ಉಪಯೋಗ ಆಗಬಹುದು ಅಂತ ಉದ್ದಕ್ಕೆ ಬರೀತಿದ್ದೇನೆ.

ನಾನಿರುವುದು ಉಡುಪಿಯಲ್ಲಿ, ಇಂಗ್ಲಿಷಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಉದ್ಯೋಗ. ಒಂದು ವರ್ಷ ಜುಲೈ ಮೊದಲ ವಾರ ಬೆಂಗಳೂರಿನ ಒಂದು ಸಂಸ್ಥೆಯಿಂದ ಮೇಲ್ ಬಂತು. ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ, ಬೋಟ್‌ಗಳೆಲ್ಲ ದಕ್ಕೆಯಲ್ಲಿ ಕಟ್ಟಿ ಹಾಕಿರ್ತವೆ, ಬಲೆ ರಿಪೇರಿ, ಎಂಜಿನ್ ಕೆಲಸ ಎಲ್ಲ ಆವಾಗಲೇ ನಡೀತದೆ. ಆಗಸ್ಟ್ 1ಕ್ಕೆ ಬೋಟ್ ಹೊರಡುವ ಮೊದಲು ಸಮುದ್ರದ ಸುರಕ್ಷತೆ ಬಗ್ಗೆ ಒಂದು ಪುಸ್ತಿಕೆ ಹಂಚಬೇಕು, ಮಲ್ಪೆ, ಗಂಗೊಳ್ಳಿ, ಮಂಗಳೂರು ಮೂರೂ ಕಡೆಗೆ, ಇದು ಅವರ ಪ್ಲ್ಯಾನ್. ಇಂಗ್ಲಿಷ್ ಮೂಲ ಸುಮಾರು 1800 ಪದ. ಮೇಲ್ ಜೊತೆ ಬಂದ ಬ್ರೀಫ್, ಅಂದ್ರೆ ಅನುವಾದ ಹೇಗಿರಬೇಕು ಅಂತ ಹೇಳುವ ಸೂಚನೆ, ಇಷ್ಟೇ:

"ಅಟ್ಯಾಚ್ ಮಾಡಿರೋ ಡಾಕ್ಯುಮೆಂಟನ್ನ ಕನ್ನಡಕ್ಕೆ ಅನುವಾದ ಮಾಡಿ. ಓದುಗರು ಮೀನುಗಾರರು. ಭಾಷೆ ಸರಳವಾಗಿರಲಿ. ವರ್ಡ್ ಫೈಲಲ್ಲಿ ಮುಂದಿನ ಶುಕ್ರವಾರದೊಳಗೆ ಕಳಿಸಿ."

ಇದನ್ನ ಓದಿ ನನಗೆ ಏನೂ ಕೊರತೆ ಕಾಣಲಿಲ್ಲ, ಯಾಕಂದ್ರೆ ಬ್ರೀಫಲ್ಲಿ ಇರಬೇಕಾದ್ದು ಅಂತ ಎಲ್ಲರೂ ಹೇಳುವ ವಿಷಯಗಳು ಇದರಲ್ಲಿ ಇದ್ದವು. ಓದುಗರು ಯಾರು ಅಂತ ಉಂಟು, ಧಾಟಿ ಉಂಟು, ಫೈಲ್ ಯಾವುದು ಅಂತ ಉಂಟು, ತಾರೀಕು ಉಂಟು. ಉದ್ದೇಶ ಒಂದು ಬಿಟ್ಟು ಹೋಗಿದೆ ಅಂತ ಕಂಡಿದ್ದೂ ಹೌದು, ಆದ್ರೆ ಸುರಕ್ಷತೆ ಪುಸ್ತಿಕೆಯ ಉದ್ದೇಶ ಸುರಕ್ಷತೆಯೇ ಅಲ್ವಾ, ಅದನ್ನೇನು ಕೇಳುವುದು ಅಂತ ಬಿಟ್ಟೆ. ಆಮೇಲೆ ಎಲ್ಲ ಎಡವಟ್ಟು ಶುರುವಾಗಿದ್ದು ಅಲ್ಲಿಂದಲೇ.

ಮೊದಲ ಅನುವಾದ

ಶುಕ್ರವಾರಕ್ಕೆ ಕೊಟ್ಟೆ. ಕನ್ನಡ ಶುದ್ಧವಾಗಿತ್ತು, ತಪ್ಪಿರಲಿಲ್ಲ. ಸಂಸ್ಥೆಯ ಕೋಆರ್ಡಿನೇಟರ್ "ತುಂಬ ಚೆನ್ನಾಗಿದೆ" ಅಂತ ಉತ್ತರ ಹಾಕಿದ್ರು. ಪ್ರಿಂಟಿಗೆ ಕಳಿಸುವ ಮೊದಲು ಅವರ ಫೀಲ್ಡ್ ಹುಡುಗ ಒಬ್ಬ (ಮಲ್ಪೆ ಕಡೆಯವನೇ) ಅದರ ಪ್ರಿಂಟೌಟ್ ತಗೊಂಡು ದಕ್ಕೆಗೆ ಹೋಗಿ ಪರಿಚಯದ ಒಬ್ಬ ತಾಂಡೇಲರ, ಅಂದ್ರೆ ಬೋಟ್ ನಡೆಸುವವರ, ಕೈಯಲ್ಲಿ ಕೊಟ್ಟ. ಇದನ್ನ ಯಾರೂ ಅವನಿಗೆ ಹೇಳಿರಲಿಲ್ಲ, ಅವನಾಗಿ ಮಾಡಿದ್ದು, ಈ ಪ್ರಕರಣದಲ್ಲಿ ಅತ್ಯಂತ ಒಳ್ಳೆ ಕೆಲಸ ಯಾರದ್ದು ಅಂತ ಕೇಳಿದ್ರೆ ನಾನು ಅವನ ಹೆಸರೇ ಹೇಳುವುದು.

ಸಂಜೆ ಫೋನ್ ಬಂತು. "ಅಕ್ಕ, ಅವರು ಎರಡು ಪ್ಯಾರಾ ಓದಿ ಪೇಪರ್ ವಾಪಸ್ ಕೊಟ್ರು. ನದೀಮುಖದ ಮರಳ ದಿಬ್ಬ ದಾಟುವಾಗ ಅಂತ ಉಂಟಲ್ಲ, ಅದು ಎಂಥದು ಅಂತ ಕೇಳಿದ್ರು. ನಾನು ಬಾಯಲ್ಲಿ ಹೇಳಿದ ಮೇಲೆ, ಓ ಅಳಿವೆ ಬಾಗಿಲಾ, ಹಾಗೆ ಬರೆದ್ರೆ ಎಂಥ ಆಗ್ತದೆ ಮಾರಾಯಾ ಅಂದ್ರು."

ಮೂಲದಲ್ಲಿ ಇದ್ದ ಇಂಗ್ಲಿಷ್ ಪದದ ಅರ್ಥ ಹೊಳೆ ಸಮುದ್ರ ಸೇರುವಲ್ಲಿ ಅಡ್ಡಕ್ಕೆ ಬೆಳೆಯುವ ಮರಳಿನ ದಿಣ್ಣೆ ಅಂತ, ಹಾಗಾಗಿ ನಾನು ಬರೆದದ್ದು ಡಿಕ್ಷನರಿ ಪ್ರಕಾರ ಸರಿ. ಆದ್ರೆ ಇಲ್ಲಿನವರಿಗೆ ಆ ಜಾಗ ಪೂರ್ತಿ ಒಂದೇ, ಅಳಿವೆ ಬಾಗಿಲು, ಅಲ್ಲಿ ಹೂಳು ತುಂಬ್ತದೆ, ತೆರೆ ಎದ್ದು ಬರ್ತದೆ, ಬೋಟ್ ಮಗುಚುವುದು ಅಲ್ಲೇ. ಉಡುಪಿಯಲ್ಲೇ ಇದ್ದು, ಪೇಪರಲ್ಲಿ ದಿನಾ ಆ ಪದ ಓದಿಯೂ ನನ್ನ ಕೈಗೆ ಅದು ಬರಲಿಲ್ಲ. ಯಾಕೆ ಅಂತ ಆಮೇಲೆ ತುಂಬ ಯೋಚಿಸಿದ್ದೇನೆ. "ಸರಳವಾಗಿರಲಿ" ಅಂತ ಓದಿದಾಗ ನನ್ನ ತಲೆಯಲ್ಲಿ ಕೂತದ್ದು ಶಾಲೆ ಪುಸ್ತಕದ ಸರಳ ಕನ್ನಡ, ರಾಜ್ಯದಲ್ಲಿ ಯಾರು ಓದಿದ್ರೂ ಅರ್ಥ ಆಗುವಂಥದ್ದು. ಅಳಿವೆ ಅನ್ನುವ ಪದ ಬಯಲುಸೀಮೆಯವರಿಗೆ ಸರಳ ಅಲ್ಲ. ತಾಂಡೇಲರಿಗೆ ಅದಕ್ಕಿಂತ ಸರಳ ಪದ ಇಲ್ಲ. ಹಾಗಾದ್ರೆ ಸರಳ ಅಂದ್ರೆ ಯಾರಿಗೆ ಸರಳ? ಬ್ರೀಫಿನ ಆ ಸಾಲು ಇದಕ್ಕೆ ಉತ್ತರ ಕೊಡ್ತಾ ಇರಲಿಲ್ಲ.

ಅಲ್ಲಿಂದ ಈಚೆ ನಾನು ಯಾವ ಬ್ರೀಫ್ ಬಂದ್ರೂ ಒಂದೊಂದು ಸಾಲಿಗೂ ಇದೇ ಪರೀಕ್ಷೆ ಮಾಡ್ತೇನೆ: ನನ್ನ ಮುಂದೆ ಎರಡು ಪದ ಇದ್ದು ಎರಡೂ ಸರಿ ಇದ್ದಾಗ, ಈ ಸಾಲು ನೋಡಿ ಒಂದನ್ನ ಆರಿಸಲಿಕ್ಕೆ ಆಗ್ತದಾ? ಆಗದಿದ್ರೆ ಆ ಸಾಲು ಇದ್ದೂ ಇಲ್ಲದ ಹಾಗೆ.

ತೇಪೆ ಹಾಕಿದ್ದು

ಮೊದಲಿಗೆ ನಾನು ಮಾಡಿದ್ದು ಪದ ಬದಲಾಯಿಸುವ ಕೆಲಸ. ಹುಡುಗನನ್ನ ಫೋನಲ್ಲಿ ಇಟ್ಟುಕೊಂಡು ಮೂವತ್ತು ನಲವತ್ತು ಪದ ತಿದ್ದಿದೆ. "ಜೀವರಕ್ಷಕ ಕವಚ" ಹೋಗಿ ಲೈಫ್ ಜಾಕೆಟ್ ಆಯ್ತು, "ನೌಕಾ ಸಿಬ್ಬಂದಿ" ಹೋಗಿ ಕಲಾಸಿಗಳು ಅಂತಾಯ್ತು. ನೀರಿಗೆ ಬಿದ್ದ ಮನುಷ್ಯನಿಗೆ ನಾನು "ಸಂತ್ರಸ್ತ" ಅಂತ ಹಾಕಿದ್ದೆ, ಹುಡುಗ ಅಂದ, "ಅಕ್ಕ, ಸಂತ್ರಸ್ತರು ಅಂದ್ರೆ ನೆರೆ ಬಂದಾಗ ಶಾಲೆಯಲ್ಲಿ ಉಳಿಯುವವರಲ್ವಾ?" ಅದನ್ನೂ ತೆಗೆದು "ನೀರಿಗೆ ಬಿದ್ದವರು" ಅಂತ ಮಾಡಿದೆ. ನೀರಿಗೆ ಬಿದ್ದವರಿಗೆ ಎಸೆಯುವ ಬಳೆಗೆ ಮೂಲದಲ್ಲಿ ಇರುವ ಲೈಫ್‌ಬಾಯ್ ಅನ್ನುವ ಹೆಸರನ್ನ ಕನ್ನಡದಲ್ಲಿ ಹಾಗೇ ಬರೆದ್ರೆ ಎಲ್ಲರಿಗೂ ಸೋಪಿನ ನೆನಪು ಬರ್ತದೆ ಅಂತ ಲೈಫ್ ರಿಂಗ್ ಅಂತ ಬರೆದೆವು.

ಮರುದಿನ ಹುಡುಗ ಮತ್ತೆ ದಕ್ಕೆಗೆ ಹೋದ, ಇನ್ನೊಬ್ಬ ತಾಂಡೇಲರಿಗೆ ಕೊಟ್ಟ. ಅವರಿಗೆ ಪದ ಎಲ್ಲ ಅರ್ಥ ಆಯ್ತು. ಆದ್ರೂ ಅರ್ಧಕ್ಕೆ ನಿಲ್ಲಿಸಿದ್ರು. "ಇಷ್ಟುದ್ದ ಯಾರು ಓದ್ತಾರೆ, ಬಲೆ ಬಿಡುವುದಾ ಇದನ್ನ ಓದುವುದಾ" ಅಂದ್ರಂತೆ.

ಇಲ್ಲಿ ನನಗೆ ಹೊಳೀತು, ಇದು ಪದದ ಸಮಸ್ಯೆ ಅಲ್ಲ ಅಂತ. ಕೋಆರ್ಡಿನೇಟರಿಗೆ ಫೋನ್ ಮಾಡಿದೆ, ಮೇಲ್ ಬರೀಲಿಲ್ಲ, ಅದು ಒಳ್ಳೇದಾಯ್ತು, ಯಾಕಂದ್ರೆ ಮೇಲಿಗೆ ಬರುವ ಉತ್ತರದಲ್ಲಿ ಇಂಥ ಮಾತು ಹೊರಗೆ ಬರುವುದಿಲ್ಲ. "ಸರ್, ಇದು ಕೈಗೆ ಸಿಕ್ಕಿದ ಮೇಲೆ ಅವರು ಇದನ್ನ ಎಲ್ಲಿಟ್ಟುಕೊಳ್ತಾರೆ?" ಅಂತ ಕೇಳಿದೆ. ಅವರು ಸಹಜವಾಗಿ ಹೇಳಿದ್ರು, "ಪುಸ್ತಿಕೆ ನಮ್ಮ ರೆಕಾರ್ಡಿಗೆ ಮತ್ತೆ ಟ್ರೈನಿಂಗಿಗೆ ಮೇಡಂ, ಬೋಟಲ್ಲಿ ಇರೋದು ಅದರಿಂದ ತೆಗೆದು ಮಾಡೋ ಸ್ಟಿಕ್ಕರ್, ಕ್ಯಾಬಿನ್ ಒಳಗೆ ಅಂಟಿಸ್ತೀವಿ. ಆಮೇಲೆ ಮೂರು ನಿಮಿಷದ ಆಡಿಯೋ ಮಾಡಿ ವಾಟ್ಸಾಪ್ ಗ್ರೂಪಿಗೆ ಬಿಡ್ತೀವಿ."

ಅಂದ್ರೆ ನನಗೆ ಕೊಟ್ಟದ್ದು ಒಂದು ಪಠ್ಯ, ಅದರಿಂದ ಹುಟ್ಟಬೇಕಾದ್ದು ಮೂರು. ಟ್ರೈನಿಂಗ್ ಕೊಡುವವರು ಕೂತು ಓದುವ ಪುಸ್ತಿಕೆ, ಬೋಟ್ ಅಲ್ಲಾಡ್ತಿರುವಾಗ ಎರಡಡಿ ದೂರದಿಂದ ಕಣ್ಣಾಡಿಸುವ ಸ್ಟಿಕ್ಕರ್, ಕಿವಿಯಲ್ಲಿ ಕೇಳುವ ಮಾತು. ನಾನು ಈ ಮೂರರ ಮಧ್ಯೆ ಎಲ್ಲೋ ನಿಂತು ಯಾವುದಕ್ಕೂ ಸಲ್ಲದ ಒಂದು ಕನ್ನಡ ಬರೆದಿದ್ದೆ. ಅವರು ಏನೂ ಮುಚ್ಚಿಟ್ಟಿರಲಿಲ್ಲ, ಅನುವಾದಕಿಗೆ ಇದು ಬೇಕು ಅಂತ ಅವರಿಗೆ ಹೊಳೀಲಿಲ್ಲ ಅಷ್ಟೇ. ಜರ್ಮನಿಯ ಅನುವಾದ ವಿದ್ವಾಂಸೆ ಕ್ರಿಸ್ಟಿಯಾನೆ ನೋರ್ಡ್ ಬ್ರೀಫ್ ಬಗ್ಗೆ ಹೇಳುವಾಗ ಓದುಗರ ಜೊತೆಗೆ ಜಾಗ, ಹೊತ್ತು, ಮಾಧ್ಯಮ ಅನ್ನುವುದನ್ನೂ ಸೇರಿಸ್ತಾರೆ. ಅದನ್ನ ಓದಿದ್ದೆ, ಆದ್ರೆ ಅದು ಥಿಯರಿ ಅಂತಲೇ ಅಂದುಕೊಂಡಿದ್ದೆ. ಜಾಗ ಅಂದ್ರೆ ಕ್ಯಾಬಿನಿನ ಗೋಡೆ, ಮಾಧ್ಯಮ ಅಂದ್ರೆ ಸ್ಟಿಕ್ಕರ್ ಅಂತ ಆವತ್ತು ಅರ್ಥ ಆಯ್ತು.

ಬ್ರೀಫನ್ನ ನಾನೇ ಬರೆದೆ

ಅವರ ಹತ್ತಿರ ಹೊಸ ಬ್ರೀಫ್ ಕೇಳ್ಲಿಲ್ಲ. ಕೇಳಿದ್ರೆ ಮತ್ತೆ ನಾಲ್ಕು ಸಾಲೇ ಬರ್ತಿತ್ತು. ನಾನೇ ಒಂದು ಪುಟ ಬರೆದು, "ಸರ್, ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ, ತಪ್ಪಿದ್ದಲ್ಲಿ ತಿದ್ದಿ, ಸರಿ ಇದ್ದರೆ ಓಕೆ ಅಂತ ಬರೆದು ಕಳಿಸಿ" ಅಂತ ಹೇಳಿದೆ. ಮುಖ್ಯ ಸಾಲುಗಳು ಹೀಗಿದ್ದವು:

ಸ್ಟಿಕ್ಕರ್ ಓದುವವರು ತಾಂಡೇಲ ಮತ್ತು ಕಲಾಸಿಗಳು. ಮನೆ ಮಾತು ತುಳು ಅಥವಾ ಕುಂದಾಪುರದ ಕನ್ನಡ, ಓದುವುದು ಕನ್ನಡ. ಸಮುದ್ರದ ಕೆಲಸ ನಮಗಿಂತ ಅವರಿಗೇ ಜಾಸ್ತಿ ಗೊತ್ತು, ಹಾಗಾಗಿ ಗೊತ್ತಿರುವುದನ್ನ ವಿವರಿಸುವುದು ಬೇಡ.
ಉದ್ದೇಶ: ಅವಘಡ ಆದ ಮೊದಲ ಒಂದು ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದು ನೆನಪಾಗಬೇಕು. ಕಾನೂನು ತಿಳಿಸುವುದು ಸ್ಟಿಕ್ಕರಿನ ಕೆಲಸ ಅಲ್ಲ.
ಧಾಟಿ: ಅನುಭವ ಇರುವ ಜೊತೆಯವರು ಹೇಳಿದ ಹಾಗೆ. ಬಹುವಚನ, ಚಿಕ್ಕ ವಾಕ್ಯ, "ದಯವಿಟ್ಟು" ಬೇಡ, "ಶಿಕ್ಷಾರ್ಹ" ಬೇಡ.
ಪದ: ದಕ್ಕೆಯಲ್ಲಿ ಬಳಸುವ ಪದ ಇದ್ದರೆ ಅದೇ, ಅದು ಇಂಗ್ಲಿಷಿಂದ ಬಂದದ್ದಾದರೂ ಸರಿ.
ಕೊಡುವುದು: ಯೂನಿಕೋಡ್ ವರ್ಡ್ ಫೈಲ್, ಜೊತೆಗೆ ಅದರದ್ದೇ ಪಿಡಿಎಫ್. ಪ್ರೆಸ್ಸಿನ ಕೊನೆ ಪ್ರೂಫ್ ನಾನು ನೋಡದೆ ಪ್ರಿಂಟ್ ಆಗುವುದಿಲ್ಲ.

ಓಕೆ ಬಂತು, ಒಂದು ತಿದ್ದುಪಡಿ ಜೊತೆಗೆ. ಧಾಟಿಯ ಸಾಲಿಗೆ ಅವರ ಲೀಗಲ್ ವಿಭಾಗದವರು ಒಪ್ಪಲಿಲ್ಲ, "ಕಡ್ಡಾಯ" ಅನ್ನುವ ಪದ ಎಲ್ಲಾದ್ರೂ ಇರಲೇಬೇಕು ಅಂತ ಅವರದ್ದು. ಎರಡು ದಿನ ಅದರಲ್ಲೇ ಹೋಯ್ತು. ಕೊನೆಗೆ ಉದ್ದೇಶದ ಸಾಲೇ ದಾರಿ ತೋರಿಸಿತು: ಕಾನೂನಿನ ಭಾಷೆ ಪುಸ್ತಿಕೆಯಲ್ಲಿ ಪೂರ್ತಿ ಇರಲಿ, ಸ್ಟಿಕ್ಕರಲ್ಲಿ ಬೇಡ ಅಂತ ಒಪ್ಪಂದ ಆಯ್ತು. ಬರೆದು ಒಪ್ಪಿಕೊಂಡ ಒಂದು ಸಾಲು ಇಲ್ಲದಿದ್ರೆ ಇದು ನನ್ನ ಅಭಿರುಚಿ ಅವರ ಅಭಿರುಚಿ ಅನ್ನುವ ಜಗಳ ಆಗಿ ಹೋಗ್ತಿತ್ತು.

ಇನ್ನೊಂದು ಕಡೆ ನಾನು ಹಿಂದೆ ಸರಿಯಬೇಕಾಯ್ತು. ಡೆಕ್ ಮೇಲೆ ಇರುವಷ್ಟು ಹೊತ್ತು ಲೈಫ್ ಜಾಕೆಟ್ ಹಾಕಿರಬೇಕು ಅಂತ ಮೂಲದಲ್ಲಿ ಉಂಟು. ಸೆಕೆಗೆ ಆಗುವುದಿಲ್ಲ, ಬಲೆ ಎಳೆಯುವಾಗ ಸಿಕ್ಕಿ ಹಾಕಿಕೊಳ್ತದೆ ಅಂತ ದಕ್ಕೆಯಲ್ಲಿ ಎಲ್ಲರೂ ಹೇಳಿದ್ರು, ಹುಡುಗನಿಗೂ ಅದನ್ನ ಸ್ವಲ್ಪ ಮೆತ್ತಗೆ ಬರೀಬೇಕು ಅಂತ ಇತ್ತು. ಆದ್ರೆ ಅದು ಧಾಟಿಯ ವಿಷಯ ಅಲ್ಲ, ಸೂಚನೆಯೇ ಬದಲಾಗುವ ವಿಷಯ, ಅಲ್ಲಿಗೆ ಅನುವಾದಕಿ ಕೈ ಹಾಕಬಾರದು. ದಕ್ಕೆಯಲ್ಲಿ ಹೇಳಿದ್ದನ್ನ ಹಾಗೇ ಬರೆದು ಕ್ಲೈಂಟಿಗೆ ಕಳಿಸಿದೆ. ಅವರ ಸುರಕ್ಷತೆ ತಜ್ಞರು ಸೂಚನೆ ಬದಲಾಯಿಸಲಿಲ್ಲ, ಆದ್ರೆ ಅಳಿವೆ ಬಾಗಿಲಿನ ಮಾತನ್ನ ಎಲ್ಲಕ್ಕಿಂತ ಮೇಲೆ ತರಲಿಕ್ಕೆ ಒಪ್ಪಿದ್ರು. ಕೊನೆಗೆ ಸ್ಟಿಕ್ಕರಲ್ಲಿ ನಿಂತ ಪಠ್ಯ ಇಷ್ಟು:

ಅಳಿವೆ ಬಾಗಿಲು ದಾಟುವ ಮೊದಲು ಎಲ್ಲರೂ ಲೈಫ್ ಜಾಕೆಟ್ ಹಾಕಿ. ಡೆಕ್ ಮೇಲೆ ಇರುವಷ್ಟು ಹೊತ್ತು ತೆಗೆಯಬೇಡಿ.
ಯಾರಾದರೂ ನೀರಿಗೆ ಬಿದ್ದರೆ: ಜೋರಾಗಿ ಕೂಗಿ. ಲೈಫ್ ರಿಂಗ್ ಎಸೆಯಿರಿ. ಒಬ್ಬರು ಬಿದ್ದವರ ಮೇಲಿಂದ ಕಣ್ಣು ತೆಗೆಯಬೇಡಿ, ಕೈ ತೋರಿಸುತ್ತಲೇ ಇರಿ.
ಬೋಟ್‌ಗೆ ಅಪಾಯ ಆದರೆ: ವಿಎಚ್‌ಎಫ್ ಚಾನೆಲ್ 16. ಮೇಡೇ ಮೇಡೇ ಮೇಡೇ. ಬೋಟಿನ ಹೆಸರು, ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ.
ಕೋಸ್ಟ್ ಗಾರ್ಡ್: 1554

ಅಪಾಯಕ್ಕೆ ಸಿಕ್ಕಿದವರು ರೇಡಿಯೋದಲ್ಲಿ ಕೂಗುವ "ಮೇಡೇ" ಅನ್ನುವುದನ್ನ ಅನುವಾದ ಮಾಡಲಿಲ್ಲ, ಅದನ್ನ ರೇಡಿಯೋದ ಆ ಕಡೆ ಕೇಳುವವರು ಯಾವ ಭಾಷೆಯವರಾದ್ರೂ ಗುರುತಿಸಬೇಕು. ಮೊದಲು "ಮೇ ಡೇ" ಅಂತ ಬಿಡಿಸಿ ಬರೆದಿದ್ದೆ, ಓದಿದವರು ಮೇ ತಿಂಗಳು ಅಂದುಕೊಂಡ್ರು, ಕೂಡಿಸಿ ಬರೆದ ಮೇಲೆ ಆ ಗೊಂದಲ ಹೋಯ್ತು.

ಆಡಿಯೋ ಬೇರೆಯೇ ಆಯ್ತು. ಓದುವಾಗ ಮೂರೂ ಊರಿನವರು ಒಂದೇ ಕನ್ನಡ ಓದ್ತಾರೆ, ಆದ್ರೆ ಕೇಳುವಾಗ ಹಾಗಲ್ಲ. ಮಲ್ಪೆ ಮಂಗಳೂರಿಗೆ ತುಳುವಲ್ಲಿ, ಗಂಗೊಳ್ಳಿ ಕಡೆಗೆ ಅಲ್ಲಿನ ಕನ್ನಡದಲ್ಲಿ ಬೇಕು ಅಂತ ನಾನು ಹೇಳಿದೆ. ಬಜೆಟ್ಟಲ್ಲಿ ಇರಲಿಲ್ಲ. ಕ್ಲೈಂಟ್ ಪುಸ್ತಿಕೆಯ ಪ್ರತಿ ಕಡಿಮೆ ಮಾಡಿ ಆ ದುಡ್ಡನ್ನ ಇದಕ್ಕೆ ಹಾಕಿದ್ರು, ಮೊದಲ ಫೋನಲ್ಲಿ ಪುಸ್ತಿಕೆ ರೆಕಾರ್ಡಿಗೆ ಅಂತ ಅವರೇ ಹೇಳಿದ್ರಿಂದ ಅದು ಸುಲಭ ಆಯ್ತು. ತುಳು ಮತ್ತು ಕುಂದಾಪುರದ ಕನ್ನಡ ಎರಡನ್ನೂ ಆಯಾ ಮಾತಿನವರೇ ಬರೆದು ಓದಿದ್ರು, ನಾನು ಅರ್ಥ ಮಾತ್ರ ತಾಳೆ ನೋಡಿದೆ.

ಫೈಲಿನ ಗೋಳು

"ವರ್ಡ್ ಫೈಲಲ್ಲಿ ಕಳಿಸಿ" ಅನ್ನುವುದು ಎಷ್ಟು ಖಾಲಿ ಮಾತು ಅಂತ ಗೊತ್ತಾಗಿದ್ದು ಪ್ರೆಸ್ಸಿನ ಪ್ರೂಫ್ ಬಂದಾಗ. ಆ ಪ್ರೆಸ್ಸಿನ ಡಿಸೈನರ್ ಪುಟ ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಹಳೇ ನುಡಿ ಫಾಂಟ್ ಹಾಕಿ ಕೆಲಸ ಮಾಡುವವರು. ಗೊತ್ತಿಲ್ಲದವರಿಗೆ ಹೇಳ್ತೇನೆ, ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ನಿಜಕ್ಕೂ ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು, ಫಾಂಟ್ ತೆಗೆದ್ರೆ ಕನ್ನಡ ಅನ್ನುವುದು `PÀ£ÀßqÀ` ಅಂತ ಕಾಣ್ತದೆ. ನಿಜವಾದ ಕನ್ನಡ ಅಕ್ಷರ ಇರುವ ನನ್ನ ಯೂನಿಕೋಡ್ ಪಠ್ಯವನ್ನ ಅವರು ಕನ್ವರ್ಟರಿಗೆ ಹಾಕಿ ನುಡಿಗೆ ತಿರುಗಿಸಿದ್ರು, ಅಲ್ಲಿ ಎರಡು ತಪ್ಪಾಯ್ತು.

ಒಂದು, "ಬೋಟ್‌ಗೆ" ಅನ್ನುವುದು "ಬೋಟ್ಗೆ" ಅಂತಾಯ್ತು. ಟ್ ಮತ್ತು ಗೆ ಕೂಡಿ ಒತ್ತಕ್ಷರ ಆಗದ ಹಾಗೆ ತಡೆಯಲಿಕ್ಕೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರ್ತದೆ, ಕನ್ವರ್ಟರ್ ಅದನ್ನ ನುಂಗಿತ್ತು. ಇಂಗ್ಲಿಷ್ ಪದಕ್ಕೆ ಕನ್ನಡ ಪ್ರತ್ಯಯ ಸೇರಿದಲ್ಲೆಲ್ಲ ಇದು ಆಗ್ತದೆ, ನಮ್ಮ ಬ್ರೀಫೇ ದಕ್ಕೆಯ ಪದ ಬಳಸಿ ಅಂತ ಹೇಳಿದ್ರಿಂದ ಅಂಥ ಪದ ನಮ್ಮಲ್ಲಿ ಜಾಸ್ತಿಯೇ ಇತ್ತು.

ಎರಡನೇದು ನಿಜವಾಗಿ ಹೆದರಿಸಿದ್ದು. ನುಡಿ ಫಾಂಟಲ್ಲಿ ಹೆಸರಿನ ಕೊನೆಗೆ e ಇರುವುದು, k ಇರುವುದು ಅಂತ ಎರಡು ಬಗೆ ಉಂಟು, e ಯಲ್ಲಿ ಇಂಗ್ಲಿಷ್ ಅಂಕಿ, k ಯಲ್ಲಿ ಕನ್ನಡ ಅಂಕಿ. ಡಿಸೈನರ್ k ಫಾಂಟ್ ಹಾಕಿದ್ರು, 1554 ಹೋಗಿ ೧೫೫೪ ಆಗಿತ್ತು. ನೋಡಲಿಕ್ಕೆ ಚಂದ ಉಂಟು, ಅವರು ಚಂದಕ್ಕೇ ಹಾಕಿದ್ದು. ಆದ್ರೆ ಮೊಬೈಲಿನ ಕೀಪ್ಯಾಡಲ್ಲಿ ಇರುವುದು ಇಂಗ್ಲಿಷ್ ಅಂಕಿ, ಕನ್ನಡ ಅಂಕಿ ತಟ್ಟನೆ ಓದಲಿಕ್ಕೆ ಬಾರದವರು ಎಷ್ಟೋ ಜನ ಇದ್ದಾರೆ, ಬೋಟ್ ಮುಳುಗ್ತಿರುವಾಗ ಯಾರು ಅದನ್ನ ಲೆಕ್ಕ ಹಾಕ್ತಾ ಕೂರ್ತಾರೆ? ಕೊನೆ ಪ್ರೂಫ್ ನಾನು ನೋಡಬೇಕು ಅಂತ ಬ್ರೀಫಲ್ಲಿ ಬರೆಸಿಕೊಂಡಿರದಿದ್ರೆ ಅದು ಹಾಗೇ ಪ್ರಿಂಟ್ ಆಗಿ ಹೋಗ್ತಿತ್ತು, ಯಾಕಂದ್ರೆ ಬೆಂಗಳೂರಿನ ಆಫೀಸಿನವರು ಅದನ್ನ ನೋಡಿ ಆಗಲೇ ಒಪ್ಪಿಗೆ ಕೊಟ್ಟಾಗಿತ್ತು. ಆಮೇಲೆ ಬ್ರೀಫಿಗೆ ಎರಡು ಸಾಲು ಸೇರಿಸಿದೆವು: ಪ್ರೆಸ್ ಯಾವ ಸಾಫ್ಟ್‌ವೇರ್ ಯಾವ ಫಾಂಟ್ ಬಳಸ್ತದೆ ಅಂತ ಮೊದಲೇ ಕೇಳಬೇಕು, ಅಂಕಿ ಯಾವಾಗಲೂ 0ಯಿಂದ 9ರ ರೂಪದಲ್ಲೇ ಇರಬೇಕು.

ಆದದ್ದು

ಇಷ್ಟೆಲ್ಲ ಆಗುವಾಗ ಆಗಸ್ಟ್ 1 ದಾಟಿತ್ತು. ಸುಮಾರು ಬೋಟ್‌ಗಳು ಹೊರಟು ಹೋಗಿದ್ದವು, ಆಳಸಮುದ್ರಕ್ಕೆ ಹೋದವು ವಾರ ಹತ್ತು ದಿನ ಬರುವುದಿಲ್ಲ, ಅವು ಮೊದಲ ಟ್ರಿಪ್ ಮುಗಿಸಿ ಬಂದ ಮೇಲೆ ಅಂಟಿಸಿದ್ದು. ಮೊದಲ ದಿನವೇ ಅರ್ಧ ಗಂಟೆ ಫೋನಲ್ಲಿ ಮಾತಾಡಿದ್ರೆ ಈ ತಡ ಆಗ್ತಿರಲಿಲ್ಲ, ಇದು ನನಗೆ ಈಗಲೂ ಬೇಸರದ ವಿಷಯ.

ಅಂಟಿಸಿ ಸ್ವಲ್ಪ ದಿನ ಆದ ಮೇಲೆ ಹುಡುಗ ಹನ್ನೆರಡು ಜನರನ್ನ ಮಾತಾಡಿಸಿದ. "ಸ್ಟಿಕ್ಕರ್ ಅರ್ಥ ಆಯ್ತಾ" ಅಂತ ಕೇಳಬೇಡ, ಹೌದು ಅಂತಲೇ ಹೇಳ್ತಾರೆ, "ಒಬ್ಬ ನೀರಿಗೆ ಬಿದ್ದ ಅಂತ ಇಟ್ಟುಕೊಳ್ಳಿ, ಮೊದಲು ಎಂಥ ಮಾಡ್ತೀರಿ" ಅಂತ ಕೇಳು ಅಂದಿದ್ದೆ. ಒಂಬತ್ತು ಜನ ಲೈಫ್ ರಿಂಗ್ ಮತ್ತು ಕಣ್ಣು ತೆಗೆಯದೆ ನೋಡುವುದು ಎರಡನ್ನೂ ಹೇಳಿದ್ರು. ಹನ್ನೆರಡು ಜನ ಅಂದ್ರೆ ದೊಡ್ಡ ಲೆಕ್ಕ ಅಲ್ಲ, ಸ್ಟಿಕ್ಕರ್ ಬರುವ ಮೊದಲೇ ಅವರಿಗೆ ಅದು ಗೊತ್ತಿದ್ದಿರಲೂಬಹುದು. ಉಳಿದ ಮೂವರ ವಿಷಯ ಮಾತ್ರ ನನ್ನ ತಲೆಯಲ್ಲಿ ನಿಂತಿತು. ಅವರು ಹೊರ ರಾಜ್ಯದಿಂದ ಬೋಟ್ ಕೆಲಸಕ್ಕೆ ಬಂದವರು, ಕನ್ನಡ ಅಲ್ಪಸ್ವಲ್ಪ ಮಾತಾಡ್ತಾರೆ, ಓದಲಿಕ್ಕೆ ಬರುವುದಿಲ್ಲ. ಬ್ರೀಫಲ್ಲಿ ನಾನು "ಓದುವುದು ಕನ್ನಡ" ಅಂತ ಬರೆದಾಗ ಅವರು ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಓಕೆ ಹಾಕಿದವರ ಕಣ್ಣಿಗೂ ಬಿದ್ದಿರಲಿಲ್ಲ, ದಿನಾ ಅವರನ್ನ ನೋಡುವ ಹುಡುಗನಿಗೂ ಹೊಳೆದಿರಲಿಲ್ಲ.

ಮುಂದಿನ ವರ್ಷ ಏಪ್ರಿಲಲ್ಲೇ ಆ ಸಂಸ್ಥೆಯಿಂದ ಮೇಲ್ ಬಂತು, ಜೊತೆಗೆ ನಮ್ಮ ಒಂದು ಪುಟದ ಬ್ರೀಫನ್ನ ಅವರೇ ತುಂಬಿ ಕಳಿಸಿದ್ರು. ಓದುಗರ ಸಾಲಿನ ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದ್ರು, "ಓದಲು ಬಾರದವರಿಗೆ ಬೋಟಲ್ಲಿ ಇದನ್ನು ಯಾರು ಹೇಳಿಕೊಡುತ್ತಾರೆ?" ಅಂತ, ಅದರ ಮುಂದೆ ಖಾಲಿ ಬಿಟ್ಟಿದ್ರು. ನಾನು ಹುಡುಗನಿಗೆ ಫೋನ್ ಮಾಡಿದೆ, ಅವನು ದಕ್ಕೆಯಲ್ಲೇ ಇದ್ದ, "ಅಕ್ಕ ಒಂದು ನಿಮಿಷ, ಇಲ್ಲೇ ಕೇಳಿ ಹೇಳ್ತೇನೆ" ಅಂದ.